ಎಂಟರ ಪಕ್ಕದ ಅಂಕೆ

ಭಾರತದ ನಾಗರಿಕ ವಿಮಾನಗಳ ಮೈಮೇಲೆ ಬರೆದಿರುವ ‘ವಿಟಿ’ ಎಂಬ ಅಕ್ಷರಗಳು ವೈಸರಾಯನ ಆಳ್ವಿಕೆಯ ಪಳೆಯುಳಿಕೆಯೆಂಬ ತಕರಾರು ಆಗಾಗ ಏಳುತ್ತಲೇ ಇರುತ್ತದೆ. ಅವು 1927ರ ವಾಷಿಂಗ್ಟನ್ ರೇಡಿಯೊ ಸಮ್ಮೇಳನದ ಹಂಚಿಕೆಯಿಂದ ಬಂದವೆಂಬುದನ್ನು ತಕರಾರು ಮಾಡುವವರು ಮರೆಯುತ್ತಾರೆ. ಅದೇ ವಿಮಾನ ಆಕಾಶದಿಂದ ಸಾರುತ್ತಿರುವ ಇನ್ನೊಂದು ಗುರುತಂತೂ ಅವರ ಗಮನಕ್ಕೇ ಬಂದಂತಿಲ್ಲ.

ರಾಡಾರ್‌ಗೆ ಉತ್ತರ ಕೊಡುವ ಯಂತ್ರವಾದ ಟ್ರಾನ್ಸ್‌ಪಾಂಡರ್ ಮೊದಲು ಗುರುತಾಗಿ ನಾಲ್ಕಂಕಿಯ ಸಂಕೇತವನ್ನಷ್ಟೇ ಕಳಿಸುತ್ತಿತ್ತು. ಸೊನ್ನೆಯಿಂದ ಏಳರವರೆಗಿನ ಅಂಕೆಗಳಿಂದ ಆಗುತ್ತಿದ್ದುದು 4,096 ಸಂಕೇತಗಳು ಮಾತ್ರವಾದ್ದರಿಂದ ಅವನ್ನೇ ಮತ್ತೆ ಮತ್ತೆ ಬಳಸಬೇಕಾಗುತ್ತಿತ್ತು. 1970ರ ದಶಕದಲ್ಲಿ ಅಮೆರಿಕದ ಲಿಂಕನ್ ಪ್ರಯೋಗಾಲಯ ರೂಪಿಸಿದ, ಮುಂದೆ ‘ಮೋಡ್ ಎಸ್’ ಎನಿಸಿಕೊಂಡ ವ್ಯವಸ್ಥೆಯಲ್ಲಿ ಪ್ರತಿ ವಿಮಾನಕ್ಕೂ 24 ಬಿಟ್‌ಗಳ, ಅಂದರೆ ಸೊನ್ನೆ-ಒಂದುಗಳ 24 ಸ್ಥಾನಗಳ, ಸ್ವಂತ ವಿಳಾಸ ದೊರೆಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅವುಗಳನ್ನು ದೇಶವಾರು ಹಂಚಿತು.

ನಾಸಿಕ್ ಜಿಲ್ಲೆಯ ದಿಂಡೋರಿ ತಾಲ್ಲೂಕಿನ ಅಂಚಿನಲ್ಲಿರುವ ಓಝರ್ ನಿಲ್ದಾಣದ ಬಳಿ 1090 ಮೆಗಾಹರ್ಟ್ಸ್‌ನ ಗ್ರಾಹಕವೊಂದರ ಪರದೆಯಲ್ಲಿ 8005AB ಎಂಬ ವಿಳಾಸ ಮೂಡಿತೆಂದು ಭಾವಿಸಬಹುದು. ಹದಿನಾರರ ಮೂಲದ ಈ ಸಂಖ್ಯೆಯಲ್ಲಿ ಪ್ರತಿ ಅಂಕೆಯೂ ನಾಲ್ಕು ಬಿಟ್‌ಗಳನ್ನು ಹೊತ್ತಿರುವುದರಿಂದ 8 ಎಂದರೆ 1000, ಪಕ್ಕದ 0 ಎಂದರೆ 0000. ಭಾರತದ ಪಾಲಿಗೆ ಬಂದದ್ದು 100000 ಎಂಬ ಆರು ಬಿಟ್‌ಗಳ ಮುನ್ನುಡಿ. ಉಳಿದ 18 ಬಿಟ್‌ಗಳಲ್ಲಿ 2,62,144 ವಿಳಾಸಗಳಿಗೆ ಜಾಗವಿದೆ. ಆರು ಬಿಟ್‌ಗಳು ಎರಡನೆಯ ಅಂಕೆಯ ನಡುವೆಯೇ ಮುಗಿಯುವುದೇ ಇಲ್ಲಿನ ಸೊಗಸು: ಆ ಅಂಕೆಯ ಮೊದಲ ಅರ್ಧ ದೇಶದ್ದು, ಉಳಿದರ್ಧ ವಿಮಾನದ್ದು. ಹಾಗಾಗಿ 80, 81, 82, 83ರಿಂದ ಶುರುವಾಗುವ ವಿಳಾಸಗಳೆಲ್ಲ ಭಾರತದವು. 84 ಬಂತೆಂದರೆ ಮೊದಲ ಆರು ಬಿಟ್‌ಗಳು 100001 ಆಗಿ ವಿಮಾನ ಜಪಾನಿನದಾಗುತ್ತದೆ. ನೇಪಾಳಕ್ಕೆ ಸಿಕ್ಕ ಮುನ್ನುಡಿ ಹನ್ನೆರಡು ಬಿಟ್‌ಗಳಷ್ಟು ಉದ್ದವಾಗಿರುವುದರಿಂದ ಅಲ್ಲಿ 70A ಎಂಬ ಮೂರೂ ಅಂಕೆಗಳನ್ನು ನೋಡಲೇಬೇಕು, ವಿಳಾಸಗಳೂ 4,096 ಮಾತ್ರ. ಮುನ್ನುಡಿ ಗಿಡ್ಡವಾದಷ್ಟೂ ದೇಶದ ಪಾಲು ದೊಡ್ಡದು.

ಈ ಲೆಕ್ಕದಿಂದ ತಿಳಿಯುವುದು ನೋಂದಣಿಯ ದೇಶವೇ ಹೊರತು ಸಂಸ್ಥೆಯ ದೇಶವಲ್ಲ. ಇಂಡಿಗೊ 2023ರಲ್ಲಿ ಟರ್ಕಿಶ್ ಏರ್‌ಲೈನ್ಸ್‌ನಿಂದ ಗುತ್ತಿಗೆಗೆ ಪಡೆದು ಇಸ್ತಾಂಬುಲ್‌ಗೆ ಹಾರಿಸಿದ ಬೋಯಿಂಗ್ 777ಗಳು ಟರ್ಕಿಯ ನೋಂದಣಿಯಲ್ಲೇ ಇದ್ದುದರಿಂದ ಅವುಗಳ ವಿಳಾಸವೂ 4B8000ದಿಂದ 4BFFFFವರೆಗಿನ ಟರ್ಕಿಯ ಪಾಲಿನದೇ. ವಿಮಾನದ ನೋಂದಣಿ ಒಂದು ದೇಶದಿಂದ ಇನ್ನೊಂದಕ್ಕೆ ಬದಲಾದಾಗ ವಿಳಾಸವನ್ನೂ ಬದಲಿಸಬೇಕು. ಅದನ್ನು ಮರೆತರೆ ಮೈಮೇಲಿನ ಅಕ್ಷರ ಒಂದು ದೇಶವನ್ನೂ ಪರದೆಯ ಸಂಖ್ಯೆ ಇನ್ನೊಂದನ್ನೂ ತೋರಿಸುತ್ತವೆ. ಕೆಲವು ಬಗೆಯ ಉತ್ತರಗಳಲ್ಲಿ ವಿಳಾಸವನ್ನು ತಪ್ಪು ಪತ್ತೆಯ ಬಿಟ್‌ಗಳೊಡನೆ ಬೆರೆಸಿ ಕಳಿಸುವುದರಿಂದ, ಸಂಕೇತ ಕೆಟ್ಟಾಗ ಎಲ್ಲೂ ಇಲ್ಲದ ವಿಮಾನವೊಂದು ಪರದೆಯ ಮೇಲೆ ಹುಟ್ಟಿಕೊಳ್ಳುವುದುಂಟು. ಒಮ್ಮೆ ಕಂಡು ಮತ್ತೆ ಬಾರದ ಅಂಥ ವಿಳಾಸವನ್ನು ನಂಬಬಾರದು.

‘ವಿಟಿ’ಯ ಜಗಳ ಇನ್ನೂ ಮುಗಿದಿಲ್ಲ. ನಾಳೆ ಆ ಅಕ್ಷರಗಳು ಬದಲಾದರೂ 100000 ಎಂಬ ಮುನ್ನುಡಿಯ ಒಂದು ಬಿಟ್ಟೂ ಬದಲಾಗಬೇಕಿಲ್ಲ.