ಏರುವ ಗೆರೆ, ಇಳಿಯುವ ಕೋನ

ಬೋಡೆ ನಕ್ಷೆಯನ್ನು ಕೈಯಲ್ಲೇ ಬಿಡಿಸಲು ಒಂದು ಉದಾಹರಣೆ ನೋಡೋಣ:

G(s) = 10(1 − s/100)/(1 + s/10)²

ಮೊದಲು ಪರಿಮಾಣದ ನಕ್ಷೆ. 10 ಪಟ್ಟು ವರ್ಧನೆ ಎಂದರೆ 20 ಡೆಸಿಬೆಲ್. ಅಲ್ಲಿಂದ ಅಡ್ಡಗೆರೆ ಎಳೆಯಿರಿ. ಆವರ್ತನ 10 ರೇಡಿಯನ್/ಸೆಕೆಂಡ್ ತಲುಪಿದಾಗ ಎರಡು ಪೋಲ್‌ಗಳೂ ಒಟ್ಟಿಗೆ ಎಳೆಯುತ್ತವೆ. ಆವರ್ತನ ಹತ್ತು ಪಟ್ಟಾದಾಗ ಗೆರೆ 40 ಡೆಸಿಬೆಲ್ ಇಳಿದು, 100ರಲ್ಲಿ −20 ಮುಟ್ಟುತ್ತದೆ. ಅಲ್ಲಿ ಝೀರೋ ಸೇರಿ ಇಳಿಜಾರು ಅರ್ಧವಾಗುತ್ತದೆ. ನಿಜವಾದ ವಕ್ರರೇಖೆ 10ರ ಮೂಲೆಯಲ್ಲಿ ಈ ಗೆರೆಗಿಂತ ಸುಮಾರು 6 ಡೆಸಿಬೆಲ್ ಕೆಳಗಿರುತ್ತದೆ. ಪೋಲ್ ಒಂದೇ ಆಗಿದ್ದರೆ 3 ಮಾತ್ರ.

ಇನ್ನು ಫೇಸ್. ಪೋಲ್ ಜೋಡಿ 1ರಿಂದ 100ರವರೆಗೆ ಒಟ್ಟು 180 ಡಿಗ್ರಿ ಇಳಿಸುತ್ತದೆ. ಸಾಮಾನ್ಯ ಝೀರೋ ಆಗಿದ್ದರೆ ಫೇಸನ್ನು ಮೇಲೆತ್ತುತ್ತಿತ್ತು. ಇದು ಬಲ ಅರ್ಧತಲದ್ದು; 10ರಿಂದ 1000ರವರೆಗೆ ಇನ್ನೂ 90 ಡಿಗ್ರಿ ಕೆಳಗಿಳಿಸುತ್ತದೆ. ಹಾಗಾಗಿ ಗೆರೆ 10ರಲ್ಲಿ −90, 100ರಲ್ಲಿ −225, 1000ದಲ್ಲಿ −270 ಡಿಗ್ರಿ ಬಿಂದುಗಳನ್ನು ಜೋಡಿಸುತ್ತದೆ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಝೀರೋ ಎಡಕ್ಕಿದ್ದರೂ ಬಲಕ್ಕಿದ್ದರೂ ಪರಿಮಾಣದ ನಕ್ಷೆ ಒಂದೇ. ಆದ್ದರಿಂದ ಫೇಸ್‌ನ ಕೊನೆ ನೋಡಿ: −90ಕ್ಕೆ ನಿಂತರೆ ಝೀರೋದ ಚಿಹ್ನೆ ತಪ್ಪಿದೆ, −270 ಬಂದರೆ ಸರಿ.