ಲೇತ್ ಒಂದು, ಲೆಕ್ಕ ಎರಡು

ಉದ್ಯಮಕ್ಕಾಗಿ ಕೈಬಿಟ್ಟ ಹಣ ಒಂದೇ ವರ್ಷದಲ್ಲಿ ತನ್ನ ಫಲ ಕೊಟ್ಟು ಮುಗಿದುಹೋದರೆ ಅದು ರಾಜಸ್ವ ವೆಚ್ಚ. ಹಲವು ವರ್ಷ ದುಡಿಯುವ ಸಾಧನವೊಂದನ್ನು ತಂದುಕೊಟ್ಟರೆ, ಅಥವಾ ಇರುವ ಸಾಧನದ ಶಕ್ತಿಯನ್ನೋ ಆಯುಷ್ಯವನ್ನೋ ಹೆಚ್ಚಿಸಿದರೆ ಅದು ಬಂಡವಾಳ ವೆಚ್ಚ. ಮೊದಲನೆಯದು ಪೂರ್ತಿಯಾಗಿ ಆ ವರ್ಷದ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಎರಡನೆಯದು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಾಗಿ ಕೂತು, ವರ್ಷಕ್ಕಿಷ್ಟು ಸವಕಳಿಯಾಗಿ ಮಾತ್ರ ಲಾಭದಿಂದ ಕಳೆಯಲ್ಪಡುತ್ತದೆ. ಇಷ್ಟನ್ನು ಓದಿದರೆ ವ್ಯತ್ಯಾಸ ಸ್ಪಷ್ಟವಾಗಿಯೇ ಕಾಣುತ್ತದೆ. ತೊಡಕು ಶುರುವಾಗುವುದು ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂತಾಗ.

ಬೆಂಗಳೂರಿನ ಪೀಣ್ಯದಂಥ ಕಡೆ, ಒಬ್ಬರೇ ಮಾಲೀಕರಿರುವ ಒಂದು ಸಣ್ಣ ಟರ್ನಿಂಗ್ ಶೆಡ್ಡನ್ನು ಊಹಿಸಿಕೊಳ್ಳಬಹುದು. ಮೇ ತಿಂಗಳಲ್ಲಿ ಅಲ್ಲಿಗೆ 4,00,000 ರೂಪಾಯಿಗೆ ಒಂದು ಹಳೆಯ ಲೇತ್ ಬರುತ್ತದೆ. ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 72,000 ರೂಪಾಯಿ. ಲಾರಿ ಬಾಡಿಗೆ ಮತ್ತು ಇಳಿಸಿದ ಕ್ರೇನಿಗೆ 12,000, ಕಾಂಕ್ರೀಟ್ ಅಡಿಪಾಯ ಹಾಕಿ ಮಟ್ಟ ನೋಡಿ ಕೂರಿಸಲು 18,000, ಪ್ಯಾನೆಲಿನಿಂದ ವೈರಿಂಗ್ ಎಳೆಯಲು 10,000. ಬೆಡ್ ಸವೆದಿದ್ದರಿಂದ ಓಡಿಸುವ ಮೊದಲೇ ಗ್ರೈಂಡಿಂಗ್ ಮಾಡಿಸಿದ್ದಕ್ಕೆ ಇನ್ನೂ 20,000. ಜೂನ್ ತಿಂಗಳಲ್ಲಿ ಯಂತ್ರ ಕೆಲಸಕ್ಕೆ ನಿಲ್ಲುತ್ತದೆ.

ಇಲ್ಲಿ ಎಷ್ಟೋ ಶೆಡ್ಡುಗಳ ಪುಸ್ತಕದಲ್ಲಿ ಲೇತ್ ಖಾತೆಗೆ 4,00,000 ಬರೆದು, ಮಿಕ್ಕದ್ದನ್ನು ಲಾರಿ ಬಾಡಿಗೆ, ಕಟ್ಟಡ ರಿಪೇರಿ, ಯಂತ್ರ ರಿಪೇರಿ ಎಂದು ಹಂಚಿಬಿಡುತ್ತಾರೆ. ಅದು ತಪ್ಪು. ಯಂತ್ರವನ್ನು ಅದರ ಜಾಗಕ್ಕೆ ತಂದು, ಕೆಲಸ ಮಾಡುವ ಸ್ಥಿತಿಗೆ ತರುವವರೆಗೆ ಆಗುವ ಖರ್ಚೆಲ್ಲ ಆ ಯಂತ್ರದ ಬೆಲೆಯೇ. ಅಡಿಪಾಯವಿಲ್ಲದ ಲೇತ್ ನಡುಗುತ್ತದೆ, ವೈರಿಂಗ್ ಇಲ್ಲದ ಲೇತ್ ತಿರುಗುವುದೇ ಇಲ್ಲ. ಆದ್ದರಿಂದ ಅದರ ನಿಜವಾದ ಬೆಲೆ 4,60,000 ರೂಪಾಯಿ. ಜಿಎಸ್‌ಟಿ ಮಾತ್ರ ಇದರೊಳಗೆ ಸೇರುವುದಿಲ್ಲ, ಏಕೆಂದರೆ ಆ 72,000 ಹೂಡುವಳಿ ತೆರಿಗೆ ಜಮೆಯಾಗಿ ಹಿಂದಕ್ಕೆ ಸಿಗುತ್ತದೆ. ಜಮೆ ತೆಗೆದುಕೊಂಡು, ಅದೇ ತೆರಿಗೆಯನ್ನು ಬೆಲೆಗೂ ಸೇರಿಸಿ ಸವಕಳಿ ಪಡೆಯಲು ಕಾನೂನು ಬಿಡುವುದಿಲ್ಲ.

ಈ ಪಟ್ಟಿಯಲ್ಲಿ ತಲೆ ಕೆಡಿಸುವುದು ಬೆಡ್ ಗ್ರೈಂಡಿಂಗ್. ಅದು ನೋಡಲು ಅಪ್ಪಟ ರಿಪೇರಿ. ಆದರೆ ಕೊಂಡ ಯಂತ್ರ ಸವೆದಿತ್ತೆಂದೇ ಅದು 4,00,000ಕ್ಕೆ ಸಿಕ್ಕಿತು. ಸವೆಯದೆ ಇದ್ದಿದ್ದರೆ ಮಾರಿದವರು ಹೆಚ್ಚು ಕೇಳುತ್ತಿದ್ದರು. ಹಾಗಾಗಿ ಓಡಿಸುವ ಮೊದಲು ಮಾಡಿಸಿದ ಗ್ರೈಂಡಿಂಗ್ ಬಂಡವಾಳ ವೆಚ್ಚ. ಅದೇ ಶೆಡ್ಡಿನಲ್ಲಿ ಐದು ವರ್ಷ ದುಡಿದು ಬೆಡ್ ಸವೆದಾಗ, ಮೊದಲಿದ್ದ ನಿಖರತೆಗೆ ಮರಳಿ ತರಲು ಮಾಡಿಸುವ ಗ್ರೈಂಡಿಂಗ್ ಸಾಮಾನ್ಯವಾಗಿ ರಾಜಸ್ವ ವೆಚ್ಚ. ಕೆಲಸ ಒಂದೇ, ಬಿಲ್ಲಿನ ಒಕ್ಕಣೆಯೂ ಒಂದೇ. ಕಾಲ ಮತ್ತು ಕಾರಣ ಬೇರೆ. ಬಿಲ್ಲಿನ ಮೇಲೆ ಬರೆದ ಹೆಸರನ್ನು ನೋಡಿ ವೆಚ್ಚದ ಜಾತಿ ಹೇಳಲಾಗದು ಎನ್ನುವುದು ಇದಕ್ಕೇ.

ಯಂತ್ರ ಓಡಲು ಶುರುವಾದ ಮೇಲೆ ಬರುವ ಕೂಲೆಂಟ್, ಗ್ರೀಸ್, ಕಾರ್ಬೈಡ್ ಇನ್ಸರ್ಟು, ಬೆಲ್ಟು, ವರ್ಷದ ವಿಮೆ, ಆಪರೇಟರ್ ಸಂಬಳ ಎಲ್ಲವೂ ರಾಜಸ್ವ ವೆಚ್ಚವೇ. ಸುಟ್ಟ ಮೋಟಾರನ್ನು ರಿವೈಂಡ್ ಮಾಡಿಸಿದರೂ ಅಷ್ಟೆ, ಲೇತ್ ಮೊದಲು ಮಾಡುತ್ತಿದ್ದ ಕೆಲಸವನ್ನಷ್ಟೇ ಮತ್ತೆ ಮಾಡುತ್ತದೆ. ಆದರೆ 3 ಎಚ್‌ಪಿ ಮೋಟಾರ್ ತೆಗೆದು, ದೊಡ್ಡ ಜಾಬ್ ಹಿಡಿಯಲೆಂದು 5 ಎಚ್‌ಪಿ ಮೋಟಾರ್ ಕೂರಿಸಿದರೆ ಲೇತಿನ ಶಕ್ತಿಯೇ ಹೆಚ್ಚಿದಂತೆ, ಅದು ಬಂಡವಾಳ ವೆಚ್ಚ. ಅಳತೆ ತೋರಿಸುವ ಡಿಜಿಟಲ್ ರೀಡ್‌ಔಟ್ ಹೊಸದಾಗಿ ಅಳವಡಿಸಿದರೂ ಹಾಗೆಯೇ. ಇನ್ನು ಯಂತ್ರವನ್ನೇ ಪೂರ್ತಿ ಬದಲಿಸಿ ಅದನ್ನು ರಿಪೇರಿ ಎನ್ನಲು ಸಾಧ್ಯವಿಲ್ಲ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಇದನ್ನು ತೀರ್ಮಾನಿಸಿತು. ನೂಲಿನ ಗಿರಣಿಯನ್ನು ಒಂದೇ ಯಂತ್ರವೆಂದು ಎಣಿಸಿ, ರಿಂಗ್ ಫ್ರೇಮ್ ಬದಲಿಸಿದ್ದನ್ನು ಚಾಲ್ತಿ ರಿಪೇರಿ ಎಂದು ತೋರಿಸುವಂತಿಲ್ಲ. ಪ್ರತಿ ಯಂತ್ರವೂ ತನ್ನಷ್ಟಕ್ಕೆ ಒಂದು ಆಸ್ತಿ ಎಂಬುದು ಅದರ ಸಾರ.

ತಪ್ಪು ಖಾತೆಗೆ ಹೋದರೆ ಆಗುವುದೇನು? ಆದಾಯ ತೆರಿಗೆಯಲ್ಲಿ ಇಂಥ ಯಂತ್ರಕ್ಕೆ ಸಾಮಾನ್ಯ ಸವಕಳಿ ದರ ಶೇ. 15, ಅದೂ ಇಳಿಯುವ ಬಾಕಿಯ ಮೇಲೆ. ಮೊದಲ ವರ್ಷ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಅದರ ಅರ್ಧ. ನಮ್ಮ ಲೇತ್ ಜೂನ್‌ನಲ್ಲೇ ಓಡಿದ್ದರಿಂದ 4,60,000ದ ಮೇಲೆ 69,000 ಸವಕಳಿ ಸಿಗುತ್ತದೆ. ಇತರ ವೆಚ್ಚದ 60,000ವನ್ನು ರಿಪೇರಿಯೆಂದು ಬರೆದಿದ್ದರೆ, ಸವಕಳಿ 60,000ಕ್ಕೆ ಇಳಿದು ಅದರ ಜೊತೆಗೆ ಇನ್ನೊಂದು 60,000 ಒಮ್ಮೆಗೇ ಲಾಭದಿಂದ ಹೋಗುತ್ತಿತ್ತು. ಅಂದರೆ ಲಾಭ 51,000 ಕಡಿಮೆ ಕಾಣುತ್ತದೆ. ತೆರಿಗೆ ಅಧಿಕಾರಿ ಅದನ್ನು ಒಪ್ಪದೆ ಹೋದರೆ ಉಳಿಸಿದ ತೆರಿಗೆ ಬಡ್ಡಿಸಹಿತ ಕಟ್ಟಬೇಕಾಗುತ್ತದೆ. ಉಲ್ಟಾ ತಪ್ಪೂ ಉಂಟು. ಸಾಲಕ್ಕೆ ಅರ್ಜಿ ಹಾಕುವ ವರ್ಷ ಲಾಭ ಚೆನ್ನಾಗಿ ಕಾಣಲೆಂದು ಬೆಲ್ಟು, ಬೇರಿಂಗುಗಳನ್ನೂ ಯಂತ್ರದ ಖಾತೆಗೆ ಏರಿಸಿದರೆ, ಇಲ್ಲದ ಆಸ್ತಿ ಪುಸ್ತಕದಲ್ಲಿ ಬೆಳೆಯುತ್ತದೆ. ಯಂತ್ರದ ಸಂಖ್ಯೆ ಅಷ್ಟೇ ಇದ್ದು ಬೆಲೆ ಮಾತ್ರ ಏರುತ್ತಿದ್ದರೆ, ರಿಪೇರಿ ಖಾತೆ ಇದ್ದಕ್ಕಿದ್ದಂತೆ ಬತ್ತಿದ್ದರೆ ಅನುಮಾನಿಸಬೇಕು.

ಇದನ್ನೆಲ್ಲ ಹಿಡಿದಿಡುವುದು ಸ್ಥಿರ ಆಸ್ತಿ ರಿಜಿಸ್ಟರ್. ಲೆಡ್ಜರಿನಲ್ಲಿ 'ಯಂತ್ರಗಳು' ಎಂಬ ಒಂದೇ ಖಾತೆ, ಒಂದೇ ಮೊತ್ತ. ಆದಾಯ ತೆರಿಗೆಯಲ್ಲಂತೂ ಒಂದೇ ದರದ ಯಂತ್ರಗಳೆಲ್ಲ ಒಂದು ಗುಂಪಿನಲ್ಲಿ ಬೆರೆತು, ಬಿಡಿ ಯಂತ್ರ ಗುರುತೇ ಸಿಗದಂತಾಗುತ್ತದೆ. ರಿಜಿಸ್ಟರಿನಲ್ಲಿ ಮಾತ್ರ ಪ್ರತಿ ಯಂತ್ರಕ್ಕೂ ತನ್ನದೇ ಪುಟ. ಯಂತ್ರದ ಮೇಲೆ ಬಣ್ಣದಲ್ಲಿ ಬರೆದ ನಂಬರು, ತಯಾರಕರ ಸೀರಿಯಲ್ ಸಂಖ್ಯೆ, ಮಾರಿದವರು, ಬಿಲ್ಲಿನ ತಾರೀಖು, ಬಳಕೆಗೆ ಬಂದ ತಾರೀಖು, ಬೆಲೆಯ ಒಡಕು, ಪ್ರತಿ ವರ್ಷದ ಸವಕಳಿ, ಉಳಿದ ಬೆಲೆ, ಕೊನೆಗೆ ಮಾರಿದ ದಿನ ಮತ್ತು ಮೊತ್ತ ಇಷ್ಟಿದ್ದರೆ ಸಾಕು. ಬಿಲ್ಲಿನ ತಾರೀಖು ಮತ್ತು ಬಳಕೆಯ ತಾರೀಖು ಬೇರೆ ಬೇರೆ ಇರಲೇಬೇಕು. ಸೆಪ್ಟೆಂಬರಿನಲ್ಲಿ ಬಂದು ಡಿಸೆಂಬರಿನಲ್ಲಿ ಓಡಿದ ಯಂತ್ರಕ್ಕೆ ಆ ವರ್ಷ ಅರ್ಧ ಸವಕಳಿ ಮಾತ್ರ. ಡ್ರಿಲ್ ಬಿಟ್, ಸ್ಪ್ಯಾನರಿನಂಥ ಚಿಕ್ಕ ಉಪಕರಣಗಳಿಗೆ ಪುಟ ತೆರೆಯುವುದು ಶ್ರಮವಷ್ಟೇ. ಹೀಗಾಗಿ 5,000 ರೂಪಾಯಿಯಂಥ ಒಂದು ಮಿತಿ ಹಾಕಿಕೊಂಡು, ಅದಕ್ಕಿಂತ ಕೆಳಗಿನದನ್ನು ನೇರ ಖರ್ಚಿಗೆ ಬರೆಯುವ ರೂಢಿಯಿದೆ. ಮಿತಿ ಎಷ್ಟೇ ಇರಲಿ, ವರ್ಷಕ್ಕೊಂದರಂತೆ ಬದಲಾಗಬಾರದು.

ಈ ಪುಟದ ಬೆಲೆ ಗೊತ್ತಾಗುವುದು ಯಂತ್ರ ಮಾರುವಾಗ. ನಮ್ಮ ಲೇತಿನ ಬೆಲೆ ಮೊದಲ ವರ್ಷದ ಕೊನೆಗೆ 3,91,000. ಎರಡನೆಯ ವರ್ಷದ ಏಪ್ರಿಲಿನಲ್ಲಿ 40,000ಕ್ಕೆ ಡಿಜಿಟಲ್ ರೀಡ್‌ಔಟ್ ಹಾಕಿಸಿ ಅದೇ ಪುಟದಲ್ಲಿ ಸೇರಿಸಿದ್ದಾರೆ. 4,31,000ದ ಮೇಲೆ 64,650 ಸವಕಳಿ ಕಳೆದರೆ ಉಳಿದದ್ದು 3,66,350. ಮೂರನೆಯ ವರ್ಷದ ಆರಂಭದಲ್ಲಿ ಲೇತನ್ನು ರೀಡ್‌ಔಟ್ ಸಮೇತ 3,50,000ಕ್ಕೆ ಮಾರಿದರೆ 16,350 ನಷ್ಟ. ರೀಡ್‌ಔಟ್ ಯಾವ ಯಂತ್ರಕ್ಕೆ ಸೇರಿದ್ದೆಂದು ಬರೆಯದೆ ಬಿಟ್ಟಿದ್ದರೆ ಲೇತಿನ ಬಾಕಿ 3,32,350 ಎಂದು ತೋರಿ, ಇಲ್ಲದ 17,650 ಲಾಭ ಕಾಣುತ್ತಿತ್ತು. ಮಾರಿಹೋದ ರೀಡ್‌ಔಟ್ ಪುಸ್ತಕದಲ್ಲಿ ವರ್ಷಗಟ್ಟಲೆ ಸವಕಳಿ ಎಳೆಯುತ್ತಿರುತ್ತಿತ್ತು. ಇಂಥ ಉಳಿಕೆಗಳು ಹೊರಬರಲು ಮಾರ್ಚ್ ಕೊನೆಯಲ್ಲಿ ರಿಜಿಸ್ಟರ್ ಹಿಡಿದು ಶೆಡ್ಡಿನಲ್ಲಿ ಒಂದು ಸುತ್ತು ಹಾಕಬೇಕು. ಪುಟದಿಂದ ಯಂತ್ರಕ್ಕೂ ನೋಡಬೇಕು, ಯಂತ್ರದಿಂದ ಪುಟಕ್ಕೂ ನೋಡಬೇಕು. ಮೊದಲನೆಯದರಲ್ಲಿ ಗುಜರಿಗೆ ಹೋದ ಯಂತ್ರ ಸಿಕ್ಕಿಬೀಳುತ್ತದೆ, ಎರಡನೆಯದರಲ್ಲಿ ರಿಪೇರಿ ಖಾತೆಯಲ್ಲಿ ಅಡಗಿ ಕೂತ ಯಂತ್ರ.