ಬಸಿಗಾಲುವೆಗೆ ಮೊದಲು ಒಂದು ಬೈರಿಗೆ ಗುಂಡಿ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈತರಿಗೆ ‘ಸವಳು-ಜವಳು’ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮಿತವಾಗಿ ನೀರು ಬೇಡುವ ಬೆಳೆಗಳಿಗೆಂದು ಯೋಜಿಸಿದ ಕಾಲುವೆಗಳ ಮೇಲ್ಭಾಗದಲ್ಲಿ ಭತ್ತ ಬಂತು. ವರ್ಷಗಟ್ಟಲೆ ನಿಂತ ನೀರು ಕೆಳಗಿಳಿದು ಅಂತರ್ಜಲವನ್ನು ಮೇಲಕ್ಕೆತ್ತಿತು. ಬೇರಿನ ಮಟ್ಟಕ್ಕೆ ಬಂದ ನೀರು ಬಿಸಿಲಿಗೆ ಆವಿಯಾಗುತ್ತಾ ಉಪ್ಪನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಯಿತು. ಇಂಥ ಹೊಲಕ್ಕೆ ಇರುವ ಮುಖ್ಯ ಮದ್ದು ಬಸಿಗಾಲುವೆ. ಈಗೀಗ ನೆಲದಡಿ ಹೂಳುವ ರಂಧ್ರವಿರುವ ಪ್ಲಾಸ್ಟಿಕ್ ಕೊಳವೆಗಳೂ ಅದೇ ಕೆಲಸ ಮಾಡುತ್ತಿವೆ.

ಕೊಳವೆ ಹಾಕುವವರ ಮುಂದಿರುವ ಮೊದಲ ಪ್ರಶ್ನೆ, ಒಂದು ಸಾಲಿಗೂ ಇನ್ನೊಂದು ಸಾಲಿಗೂ ಎಷ್ಟು ಅಂತರವಿರಬೇಕು ಎಂಬುದು. ಅಂತರ ಹೆಚ್ಚಾದರೆ ಎರಡು ಸಾಲುಗಳ ನಡುವಿನ ನೆಲ ಜವಳಾಗಿಯೇ ಉಳಿಯುತ್ತದೆ. ಕಡಿಮೆಯಾದರೆ ಹಣ ಮಣ್ಣುಪಾಲು. ಉತ್ತರ ಸಿಗುವುದು ಮಣ್ಣಿನ ಒಂದು ಗುಣದಿಂದ: ನೀರು ಪೂರ್ತಿ ತುಂಬಿಕೊಂಡಿರುವಾಗ ಆ ಮಣ್ಣು ತನ್ನೊಳಗೆ ನೀರನ್ನು ಎಷ್ಟು ಸಲೀಸಾಗಿ ಹರಿಯಗೊಡುತ್ತದೆ? ಇದಕ್ಕೆ ಸಂತೃಪ್ತ ಜಲವಾಹಕತೆ ಎಂದು ಹೆಸರು. ಲೆಕ್ಕದಲ್ಲಿ ಇದನ್ನು K ಎಂದು ಬರೆಯುತ್ತಾರೆ, ದಿನಕ್ಕೆ ಇಷ್ಟು ಮೀಟರ್ ಎಂದು ಹೇಳುತ್ತಾರೆ.

ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ K ತಿಳಿಯಬಹುದು. ಆದರೆ ಅಂಗೈಯಗಲದ ಉಂಗುರದಲ್ಲಿ ಕತ್ತರಿಸಿ ತೆಗೆದ ಮಣ್ಣಿನಲ್ಲಿ ಹೊಲದ ಬಿರುಕು, ಎರೆಹುಳದ ಬಿಲ, ಹಳೆಯ ಬೇರಿನ ದಾರಿಗಳು ಇದ್ದರೆ ಇದ್ದವು, ಇಲ್ಲದಿದ್ದರೆ ಇಲ್ಲ. ನೀರು ನಿಜವಾಗಿ ಹರಿಯುವುದು ಆ ದಾರಿಗಳಲ್ಲೇ. ಆದ್ದರಿಂದ ಅಂತರ್ಜಲ ಮೇಲಿರುವ ಕಡೆ ಎಂಜಿನಿಯರುಗಳು ನೆಚ್ಚಿಕೊಂಡಿರುವುದು ಹೊಲದಲ್ಲೇ ಮಾಡುವ ಬೈರಿಗೆ ಗುಂಡಿ ಪರೀಕ್ಷೆಯನ್ನು. ಇದರ ಬೇರು ನೆದರ್ಲೆಂಡ್ಸ್‌ನಲ್ಲಿದೆ. 1930ರ ದಶಕದಲ್ಲಿ ಹೂಗ್‌ಹೌಟ್ ಇದನ್ನು ಬೆಳೆಸಿದರು. 1950ರಲ್ಲಿ ಅರ್ನ್ಸ್ಟ್ ಹೆಚ್ಚು ನಿಖರವಾದ ಸೂತ್ರ ಕೊಟ್ಟರು. ಇಂದಿಗೂ ಬಹುತೇಕ ಕಡೆ ಬಳಕೆಯಲ್ಲಿರುವುದು ಅದೇ ಸೂತ್ರ.

ಪರೀಕ್ಷೆಯ ತತ್ವ ಸರಳ. ಅಂತರ್ಜಲ ಮಟ್ಟಕ್ಕಿಂತ ಆಳಕ್ಕೆ ಒಂದು ಗುಂಡಿ ಕೊರೆಯಬೇಕು. ನೀರು ಒಸರಿ ಬಂದು ತನ್ನ ಮಟ್ಟಕ್ಕೆ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಸ್ವಲ್ಪ ನೀರನ್ನು ತಟ್ಟನೆ ಎತ್ತಿ ಚೆಲ್ಲಿ, ಮತ್ತೆ ಒರತೆ ತುಂಬುವ ವೇಗವನ್ನು ಗಡಿಯಾರ ಹಿಡಿದು ಅಳೆಯಬೇಕು. ಬೇಗ ತುಂಬಿದರೆ K ಹೆಚ್ಚು, ನಿಧಾನವಾದರೆ ಕಡಿಮೆ. ಹೊರಗಿನಿಂದ ನೀರು ಸುರಿಯುವ ಪ್ರಶ್ನೆಯೇ ಇಲ್ಲ. ಸವಳು ನೆಲದಲ್ಲಿ ಇದು ದೊಡ್ಡ ಅನುಕೂಲ. ಸಿಹಿನೀರು ಬಿದ್ದರೆ ಸೋಡಿಯಂ ಹೆಚ್ಚಿರುವ ಜೇಡಿ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳಬಹುದು. ಇಲ್ಲಿ ಅಳತೆಗೆ ಬರುವುದು ಆ ಹೊಲದ್ದೇ ನೀರು.

ಸಾಮಾನುಗಳೂ ಕೆಲವೇ. 8 ಸೆಂ.ಮೀ. ವ್ಯಾಸದ ಕೈಬೈರಿಗೆ, ಅದಕ್ಕೆ ಜೋಡಿಸುವ ಉದ್ದನೆಯ ಹಿಡಿಗಳು, ತಳದಲ್ಲಿ ಕವಾಟವಿರುವ ನೀರೆತ್ತುವ ಕೊಳವೆ, ತುದಿಗೆ ತೇಲುಬುಂಡೆ ಕಟ್ಟಿದ ಅಳತೆ ಟೇಪು, ಟೇಪು ಹಾಯಿಸಲು ನೆಲಕ್ಕೆ ನೆಟ್ಟ ಒಂದು ಗೂಟ, ಮತ್ತು ಸ್ಟಾಪ್‌ವಾಚ್. ಇಬ್ಬರು ಬೇಕು. ಒಬ್ಬರು ಗಡಿಯಾರ ನೋಡಿ ಕೂಗುತ್ತಾರೆ, ಇನ್ನೊಬ್ಬರು ಟೇಪು ಓದಿ ಬರೆದುಕೊಳ್ಳುತ್ತಾರೆ.

ಲೆಕ್ಕ ಹೇಗೆ ನಡೆಯುತ್ತದೆಂದು ನೋಡಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಗುಂಡಿಯ ಆಳ 200 ಸೆಂ.ಮೀ., ನೀರು ನಿಂತ ಮಟ್ಟ ನೆಲದಿಂದ 80 ಸೆಂ.ಮೀ. ಕೆಳಗೆ. ಅಂದರೆ ಗುಂಡಿಯಲ್ಲಿ ನಿಂತ ನೀರು 120 ಸೆಂ.ಮೀ.; ಇದು H. ಗುಂಡಿಯ ತ್ರಿಜ್ಯ 4 ಸೆಂ.ಮೀ.; ಇದು r. ನೀರೆತ್ತುವ ಕೊಳವೆಯಿಂದ ಸುಮಾರು ಎರಡೂಕಾಲು ಲೀಟರ್ ನೀರು ಹೊರಹಾಕಿದರೆ ಮಟ್ಟ 45 ಸೆಂ.ಮೀ. ಕುಸಿಯುತ್ತದೆ. ನಿಂತ ಮಟ್ಟಕ್ಕಿಂತ ನೀರು ಎಷ್ಟು ಕೆಳಗಿದೆ ಎಂಬುದೇ y. ಹತ್ತು ಹತ್ತು ಸೆಕೆಂಡಿಗೆ ಓದಿದ y ಹೀಗಿದೆ ಎಂದುಕೊಳ್ಳಿ: 45.0, 44.2, 43.5, 42.8, 42.1, 41.4. ಐವತ್ತು ಸೆಕೆಂಡಿನಲ್ಲಿ ನೀರು 3.6 ಸೆಂ.ಮೀ. ಏರಿದೆ. ಒಳಗೆ ಒಸರಿದ ನೀರು ಒಂದು ಚಹಾ ಲೋಟದಷ್ಟು.

ಅರ್ನ್ಸ್ಟ್ ಸೂತ್ರ ಹೀಗಿದೆ:

```
K = 4000 / [(20 + H/r)(2 - y/H)] × (r/y) × (Δy/Δt)
```

ಉದ್ದಗಳನ್ನು ಸೆಂಟಿಮೀಟರಿನಲ್ಲಿ, ಸಮಯವನ್ನು ಸೆಕೆಂಡಿನಲ್ಲಿ ಹಾಕಿದರೆ ಉತ್ತರ ದಿನಕ್ಕೆ ಮೀಟರ್‌ಗಳಲ್ಲಿ ಬರುತ್ತದೆ. ಇಲ್ಲಿ y ಜಾಗಕ್ಕೆ ಸರಾಸರಿ 43.2, ಏರಿಕೆಯ ವೇಗಕ್ಕೆ 3.6ನ್ನು 50ರಿಂದ ಭಾಗಿಸಿ ಬಂದ 0.072. ಲೆಕ್ಕ ಮಾಡಿದರೆ K ಸುಮಾರು 0.32. ಗುಂಡಿಯ ತಳದಿಂದ ಕನಿಷ್ಠ H ನ ಅರ್ಧದಷ್ಟು ಆಳದವರೆಗೆ ನೀರು ಬಿಡದ ಪದರ ಸಿಗದಿದ್ದಾಗ ಮಾತ್ರ ಈ ಸೂತ್ರ ಸಲ್ಲುತ್ತದೆ. ಗುಂಡಿಯ ತಳ ಅಂಥ ಪದರದ ಮೇಲೇ ಕೂತಿದ್ದರೆ ಬೇರೆ ಸೂತ್ರವಿದೆ.

ಓದುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೂ ನಿಯಮವಿದೆ. ಎತ್ತಿದ ನೀರಿನ ಕಾಲುಭಾಗ ವಾಪಸು ತುಂಬುವುದರೊಳಗೆ, ಅಂದರೆ ಈ ಉದಾಹರಣೆಯಲ್ಲಿ ಸುಮಾರು 11 ಸೆಂ.ಮೀ. ಏರುವುದರೊಳಗೆ, ಅಳತೆ ಮುಗಿಯಬೇಕು. ಗುಂಡಿಯ ಸುತ್ತಲಿನ ಅಂತರ್ಜಲ ಕುಸಿದಿಲ್ಲ ಎಂಬ ನಂಬಿಕೆಯ ಮೇಲೆ ಸೂತ್ರ ನಿಂತಿದೆ. ಹೊತ್ತು ಕಳೆದಂತೆ ಗುಂಡಿಯ ಸುತ್ತ ನೀರಿನ ಮಟ್ಟ ತಗ್ಗುತ್ತದೆ, ಒರತೆ ಮಂದವಾಗುತ್ತದೆ, K ಇರುವುದಕ್ಕಿಂತ ಕಡಿಮೆ ಎಂದು ಕಾಣುತ್ತದೆ.

ಓದಿದ ಅಂಕಿಗಳನ್ನು ಸೂತ್ರಕ್ಕೆ ಹಾಕುವ ಮೊದಲು ಅವುಗಳ ನಡೆ ನೋಡಬೇಕು. ಏರಿಕೆ ಮೇಲಿನಂತೆ 0.8, 0.7, 0.7 ಎಂದು ಸಮವಾಗಿ, ಕೊಂಚ ಕೊಂಚವೇ ಇಳಿಯುತ್ತಾ ಬಂದರೆ ಪರೀಕ್ಷೆ ಸರಿಯಿದೆ. ಮೊದಲ ಏರಿಕೆ ಮಾತ್ರ 2 ಸೆಂ.ಮೀ. ಇದ್ದು ಉಳಿದವು 0.7ರ ಆಸುಪಾಸಿನಲ್ಲಿದ್ದರೆ, ಮಣ್ಣಿನ ನೀರಿನ ಜೊತೆಗೆ ಗೋಡೆಗೆ ಅಂಟಿದ್ದ ನೀರೂ ತೊಟ್ಟಿಕ್ಕಿದೆ ಎಂದು ಅರ್ಥ. ಆ ಓದನ್ನು ಬಿಟ್ಟು ಮುಂದಿನವನ್ನು ಹಿಡಿಯಬೇಕು. ಒಂದು ಸಲ ಹೆಚ್ಚು, ಮತ್ತೊಂದು ಸಲ ಕಡಿಮೆ ಎಂದು ಕುಣಿದಾಡಿದರೆ ತೇಲುಬುಂಡೆ ಗೋಡೆಗೆ ತಾಗುತ್ತಿದೆ ಅಥವಾ ಗುಂಡಿಯೊಳಗೆ ಮಣ್ಣು ಕುಸಿಯುತ್ತಿದೆ. ಮರಳು ಮಣ್ಣಿನಲ್ಲಿ ಕುಸಿತ ತಡೆಯಲು ರಂಧ್ರವಿರುವ ಕೊಳವೆಯನ್ನು ಇಳಿಬಿಡಬೇಕಾಗುತ್ತದೆ.

ಎರೆ ಭೂಮಿಯ ತೊಡಕು ಬೇರೆ. ಅಲ್ಲಿನ ಹಸಿ ಜೇಡಿಯಲ್ಲಿ ಬೈರಿಗೆ ತಿರುಗಿದಾಗ ಗುಂಡಿಯ ಗೋಡೆ ನುಣ್ಣಗೆ ಮೆತ್ತಿಕೊಳ್ಳುತ್ತದೆ. ನೀರು ಬರಬೇಕಾದ ಸಣ್ಣ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಮೇಲಿನ ಗುಂಡಿಯಲ್ಲೇ ಹೀಗಾಗಿ 50 ಸೆಕೆಂಡಿಗೆ ನೀರು 0.9 ಸೆಂ.ಮೀ. ಮಾತ್ರ ಏರಿತು ಎನ್ನೋಣ. ಆಗ ಬರುವ K ಕೇವಲ 0.08. ಇದನ್ನು ಕಂಡುಹಿಡಿಯುವ ಉಪಾಯ ಕಷ್ಟದ್ದಲ್ಲ. ನೀರನ್ನು ಎತ್ತಿ, ತುಂಬಲು ಬಿಟ್ಟು, ಮತ್ತೆ ಎತ್ತಬೇಕು. ಒಳನುಗ್ಗುವ ನೀರು ಮೆತ್ತಿದ ಮಣ್ಣನ್ನು ತಾನೇ ತೊಳೆದು ದಾರಿ ಬಿಡಿಸುತ್ತದೆ. ಎರಡನೆಯ, ಮೂರನೆಯ ಪರೀಕ್ಷೆಯಲ್ಲಿ K ಏರುತ್ತಾ ಹೋದರೆ ಮೊದಲಿನದು ಸುಳ್ಳು. ಎರಡು ಸಲ ಹೆಚ್ಚುಕಡಿಮೆ ಒಂದೇ ಉತ್ತರ ಬಂದ ಮೇಲೆಯೇ ಅದನ್ನು ನಂಬಬೇಕು.

ಈ ತಪ್ಪಿನ ಬೆಲೆ ಎಷ್ಟೆಂದು ಹೂಗ್‌ಹೌಟ್ ಅವರದೇ ಅಂತರದ ಸೂತ್ರ ಹೇಳುತ್ತದೆ. ಕೊಳವೆಗಳು 1.1 ಮೀಟರ್ ಆಳದಲ್ಲಿವೆ, ಅವುಗಳಿಂದ 3 ಮೀಟರ್ ಕೆಳಗೆ ನೀರು ಬಿಡದ ಪದರವಿದೆ, ದಿನಕ್ಕೆ 2 ಮಿ.ಮೀ. ನೀರು ಹೊರಹೋಗಬೇಕು, ಎರಡು ಸಾಲುಗಳ ನಡುಮಧ್ಯೆ ನೀರು ಕೊಳವೆಗಿಂತ ಅರ್ಧ ಮೀಟರಿಗಿಂತ ಮೇಲೆ ನಿಲ್ಲಬಾರದು ಎಂದಿಟ್ಟುಕೊಳ್ಳಿ. ಹತ್ತು ಸೆಂ.ಮೀ. ವ್ಯಾಸದ ಕೊಳವೆಗೆ, K 0.32 ಇದ್ದರೆ ಅಂತರ ಸುಮಾರು 37 ಮೀಟರ್ ಬರುತ್ತದೆ. ಎಕರೆಗಳ ಬದಲು ಹೆಕ್ಟೇರಿನ ಲೆಕ್ಕ ಹಿಡಿದರೆ ಬೇಕಾದ ಕೊಳವೆ 270 ಮೀಟರ್. ಗೋಡೆ ಮೆತ್ತಿದ ಗುಂಡಿಯ 0.08ನ್ನೇ ನಂಬಿದರೆ ಅಂತರ 15 ಮೀಟರಿಗೆ ಇಳಿದು, ಕೊಳವೆ 650 ಮೀಟರಿಗೆ ಏರುತ್ತದೆ. ಹೊಲ ಅದೇ, ಮಣ್ಣೂ ಅದೇ. ವ್ಯತ್ಯಾಸ ಗುಂಡಿಯ ಗೋಡೆಯದು.

ಒಂದು ಗುಂಡಿ ತನ್ನ ಸುತ್ತಲಿನ ಅರ್ಧ ಮೀಟರಿನೊಳಗಿನ ಮಣ್ಣಿನ ಸುದ್ದಿಯನ್ನಷ್ಟೇ ಹೇಳುತ್ತದೆ. ಹತ್ತು ಹೆಜ್ಜೆ ಆಚೆ K ಮೂರು ಪಟ್ಟು ಬೇರೆಯಾಗಿರುವುದು ಅಪರೂಪವಲ್ಲ. ಅದಕ್ಕೆ ಹೊಲದುದ್ದಕ್ಕೂ ಹಲವು ಗುಂಡಿ ತೋಡುತ್ತಾರೆ. ಉತ್ತರಗಳನ್ನು ಸುಮ್ಮನೆ ಕೂಡಿ ಭಾಗಿಸಿದರೆ ಒಂದೆರಡು ದೊಡ್ಡ ಅಂಕಿಗಳೇ ಸರಾಸರಿಯನ್ನು ಎಳೆದುಬಿಡುತ್ತವೆ. ಮೂರು ಗುಂಡಿಗಳಲ್ಲಿ 0.1, 0.3, 0.9 ಬಂದರೆ ಸಾಮಾನ್ಯ ಸರಾಸರಿ 0.43. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ 0.3. ವಿನ್ಯಾಸಕ್ಕೆ ಸಾಮಾನ್ಯವಾಗಿ ಬಳಸುವುದು ಎರಡನೆಯದನ್ನು.

ಅಂತರ್ಜಲ ಮೇಲಿಲ್ಲದಿದ್ದರೆ ಈ ಪರೀಕ್ಷೆ ನಡೆಯುವುದೇ ಇಲ್ಲ. ಕಾಲುವೆ ನೀರು ನಿಂತು ತಿಂಗಳುಗಳಾದ ಬೇಸಿಗೆಯಲ್ಲಿ ಮಟ್ಟ ಇಳಿದಿರುತ್ತದೆ, ಎರೆ ಮಣ್ಣು ಬಿರುಕು ಬಿಟ್ಟಿರುತ್ತದೆ. ಕೊಳವೆ ಹೂಳಲು ಬೇಸಿಗೆ ಒಳ್ಳೆಯ ಕಾಲ, ಆದರೆ ಗುಂಡಿ ಪರೀಕ್ಷೆ ಅದಕ್ಕಿಂತ ಮುಂಚೆ, ಭತ್ತಕ್ಕೆ ನೀರು ಹರಿಯುವ ದಿನಗಳಲ್ಲೇ ಮುಗಿದಿರಬೇಕು. ಕಲ್ಲುಗರಸಿನ ನೆಲದಲ್ಲಿ ಕೈಬೈರಿಗೆ ಇಳಿಯುವುದಿಲ್ಲ. ಕೆಳಪದರದಿಂದ ಒತ್ತಡದಲ್ಲಿ ನೀರು ಚಿಮ್ಮುವ ಕಡೆಯೂ ಸೂತ್ರ ಕೈಕೊಡುತ್ತದೆ. ಅಲ್ಲಿ ಬೇರೆ ವಿಧಾನ ಹುಡುಕಬೇಕು.

ಆದ್ದರಿಂದ ಹೊಲಕ್ಕೆ ನೆಲದಡಿಯ ಕೊಳವೆ ಹಾಕಿಸುವ ರೈತರು ಸಾಲುಗಳ ಅಂತರ ಎಷ್ಟೆಂದು ಮಾತ್ರ ಕೇಳಿ ಸುಮ್ಮನಾಗಬಾರದು. ಗುಂಡಿಗಳನ್ನು ಯಾವ ತಿಂಗಳಲ್ಲಿ ತೋಡಿದರು, ಎಷ್ಟು ತೋಡಿದರು, ಪ್ರತಿ ಗುಂಡಿಯಲ್ಲಿ ಎಷ್ಟು ಸಲ ನೀರೆತ್ತಿ ಅಳೆದರು ಎಂದು ವಿಚಾರಿಸಿ, ಸೆಕೆಂಡುವಾರು ಓದಿನ ಹಾಳೆಯನ್ನೂ ತೋರಿಸಿ ಎನ್ನಬೇಕು. ಆ ಹಾಳೆ ಇಲ್ಲದೆ ಹೇಳಿದ ಅಂತರ ಅಂದಾಜೇ ಹೊರತು ವಿನ್ಯಾಸವಲ್ಲ.